ಮುಯ್ಯಿ ಪುಸ್ತಕವೂ ಕಬ್ಬಿಣದ ಬೀರುವೂ

ಲಗ್ನದ ಕಾಲ ಬಂತೆಂದರೆ ನಮ್ಮ ಗಿರಣಿ ಕೇರಿಯ ಮನೆಮನೆಯಲ್ಲೂ ಒಂದು ಜಗಳ ಏಳುತ್ತದೆ. ಅಕ್ಕನ ಮಗಳ ಮದುವೆ, ಚಿಕ್ಕಪ್ಪನ ಮಗನ ಮದುವೆ, ಷಡ್ಡಕನ ತಂಗಿಯ ಮದುವೆ; ಯಾವುದಾದರೊಂದು ಲಗ್ನಪತ್ರಿಕೆ ಬಂದು ಗೂಡಿನಲ್ಲಿ ಕುಳಿತಿರುತ್ತದೆ. "ಒಂದಿಷ್ಟು ಹಣ ಕೊಟ್ಟು ಬಂದರಾಯಿತು" ಎನ್ನುತ್ತಾನೆ ಗಂಡ. "ನಾಲ್ಕು ಜನರೆದುರಿಗೆ ಕವರು ಕೊಟ್ಟು ಕೈ ಬೀಸಿಕೊಂಡು ಬರೋದೇನ್ರೀ? ಮನೆಗೆ ಉಪಯೋಗಕ್ಕೆ ಬರುವಂಥದೊಂದು ಸಾಮಾನು ಕೊಟ್ಟರೆ ನೆನಪಿನಲ್ಲಿ ಉಳಿಯುತ್ತದೆ" ಎನ್ನುತ್ತಾಳೆ ಹೆಂಡತಿ. ಇಬ್ಬರ ಮಾತಿನಲ್ಲೂ ಅರ್ಥವುಂಟು. ಕೊನೆಗೆ ಗೆಲ್ಲುವುದು ಮಾತ್ರ ಹೆಚ್ಚಿನಂಶ ಸಾಮಾನೇ. ಅದಕ್ಕೆ ಬೇಕಾದ ಹಣ ಕೈಯಲ್ಲಿಲ್ಲದಿದ್ದರೆ ಕಂತಿನ ಅಂಗಡಿ ಬಾಗಿಲು ತೆರೆದುಕೊಂಡು ಕುಳಿತೇ ಇದೆ.

ನಾವು ಈ ಜಗಳದಲ್ಲಿ ಹಣದ ಪಕ್ಷ. ಆದರೆ ಈಗ ಹಣ ಕೊಡುತ್ತಿರುವ ರೀತಿಯ ಪಕ್ಷವಲ್ಲ. ಕೊಡುವ ಹಣ ಯಾರಿಗೆ ಸೇರಬೇಕೆಂದು ಹೇಳಿ ಕೊಡಬೇಕು, ಬರವಣಿಗೆಯಲ್ಲಿ ಕೊಡಬೇಕು, ಕೊಡುವವನ ದಿನಗೂಲಿಯ ಅಳತೆಯಲ್ಲಿ ಕೊಡಬೇಕು. ಈ ಮೂರಿಲ್ಲದೆ ಕೊಟ್ಟ ಹಣಕ್ಕಿಂತ ಒಂದು ಹಿತ್ತಾಳೆ ಚೊಂಬೇ ಮೇಲು ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಒಂದು ಬೀರುವಿನ ಕಥೆ

ಮೊದಲು ನಮ್ಮ ಕಣ್ಣೆದುರಿಗೇ ನಡೆದ ಒಂದು ಸಂಗತಿ. ನಮ್ಮ ಮಿತ್ರರೊಬ್ಬರು ಗಿರಣಿಯಲ್ಲಿ ದುಡಿಯುತ್ತಾರೆ. ದಿನಕ್ಕೆ 550 ರೂಪಾಯಿ ಕೂಲಿ. ಅಕ್ಕನ ಮಗಳ ಮದುವೆ ಗೊತ್ತಾಯಿತು. ಸೋದರಮಾವನೆಂಬ ಹೊಣೆ ಬೇರೆ. ಚೀಟಿಯಲ್ಲಿ ಉಳಿದ 5,000 ರೂಪಾಯಿ ಕೈಯಲ್ಲಿತ್ತು. "ಸೋದರಮಾವನಾಗಿ ಐದು ಸಾವಿರದ ಕವರು ಕೊಟ್ಟರೆ ಜನ ಏನೆಂದಾರು?" ಎಂಬ ಮಾತು ಮನೆಯಲ್ಲಿ ಹುಟ್ಟಿತು. ಗಂಡ ಹೆಂಡತಿ ಪೇಟೆಗೆ ಹೋದರು. ಕನ್ನಡಿ ಕೂಡಿಸಿದ ಕಬ್ಬಿಣದ ಬೀರು ಒಂದನ್ನು ಮೆಚ್ಚಿದರು. ಬೆಲೆ 11,000. ಮುಂಗಡ 3,000, ಉಳಿದದ್ದಕ್ಕೆ ತಿಂಗಳಿಗೆ 900ರಂತೆ ಹತ್ತು ಕಂತು. ಅಲ್ಲಿಗೆ 11,000ದ ಬೀರು 12,000ವಾಯಿತು. ಅದನ್ನು ಹೇರಿಕೊಂಡು ಹೋದ ಟೆಂಪೊ ಬಾಡಿಗೆ 600. ಒಟ್ಟು 12,600.

ಮದುವೆಯ ದಿನ ಬೀರುವಿಗೆ ಅರಿಸಿನ ಕುಂಕುಮ ಹಚ್ಚಿದರು, ಹಾರ ಹಾಕಿದರು, ಛತ್ರದ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಹುಡುಗನ ಚಿಕ್ಕಪ್ಪ ಕೊಟ್ಟ ಇನ್ನೊಂದು ಬೀರು ಆಗಲೇ ಅದರ ಪಕ್ಕದಲ್ಲಿ ನಿಂತಿತ್ತು! ಮದುವೆಯಾದ ಮೇಲೆ ಹುಡುಗ ಹುಡುಗಿ ಬೆಂಗಳೂರಿಗೆ ಹೋದರು. ಅಲ್ಲಿ ಅವರದು ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಕಿರಿದಾದ ಮೆಟ್ಟಿಲ ತಿರುವಿನಲ್ಲಿ ಒಂದು ಬೀರು ಹತ್ತಿಸುವುದಕ್ಕೇ ಹಗ್ಗ ಕಟ್ಟಬೇಕಾಯಿತು. ಎರಡನೆಯದಕ್ಕೆ ಜಾಗವೆಲ್ಲಿ? ಮಾವನ ಬೀರು ಅಕ್ಕನ ಮನೆಯ ಪಡಸಾಲೆಯಲ್ಲೇ ಉಳಿಯಿತು. ಅಕ್ಕ ಅದರಲ್ಲಿ ಖಾಲಿ ಗೋಣಿಚೀಲ ತುಂಬಿಟ್ಟಳು.

ಇತ್ತ ಅಕ್ಕನ ಗಂಡನ ಪಾಡೇನು? ಮದುವೆ ಮುಗಿದ ಮರುದಿನ ಅಡಿಗೆಯವರು, ಶಾಮಿಯಾನದವರು, ಛತ್ರದವರು ಬಾಕಿಗಾಗಿ ಬಾಗಿಲಿಗೆ ಬಂದರು. 30,000 ಕಡಿಮೆ ಬಿತ್ತು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತಂದರು. ತಿಂಗಳ ಬಡ್ಡಿಯೇ 900.

ಓದುಗರು ಇಲ್ಲಿ ಕ್ಷಣ ನಿಲ್ಲಬೇಕು. ತಮ್ಮ ತಿಂಗಳಿಗೆ 900 ರೂಪಾಯಿ ಕಂತು ಕಟ್ಟುತ್ತಿದ್ದಾನೆ. ಭಾವ ತಿಂಗಳಿಗೆ 900 ರೂಪಾಯಿ ಬಡ್ಡಿ ಕಟ್ಟುತ್ತಿದ್ದಾನೆ. ನಡುವೆ ನಿಂತಿರುವುದು ಗೋಣಿಚೀಲ ತುಂಬಿದ ಒಂದು ಕಬ್ಬಿಣದ ಪೆಟ್ಟಿಗೆ! ಹತ್ತು ತಿಂಗಳಾಗುವಷ್ಟರಲ್ಲಿ ತಮ್ಮನ ಕಂತು ಮುಗಿಯಿತು. ಭಾವನ 9,000 ಬಡ್ಡಿಗೆ ಹೋಯಿತು, ಅಸಲು ಇದ್ದ ಹಾಗೇ ಇತ್ತು. ಕೊನೆಗೆ ಅಕ್ಕ, ತಮ್ಮನಿಗೆ ತಿಳಿಯದ ಹಾಗೆ, ಆ ಬೀರುವನ್ನು 4,000ಕ್ಕೆ ಮಾರಿದಳು. ತಮ್ಮನಿಗೆ ತಿಳಿಯದೆ ಇದ್ದೀತೆ? ತಿಳಿಯಿತು. ಈಗ ಅಕ್ಕ ತಮ್ಮಂದಿರಲ್ಲಿ ಮಾತಿಲ್ಲ.

ತಮ್ಮ ತನ್ನ ಕೈಯಲ್ಲಿದ್ದ 5,000ವನ್ನೇ ಕವರಿನಲ್ಲಿಟ್ಟು ಕೊಟ್ಟಿದ್ದರೆ ಏನಾಗುತ್ತಿತ್ತು? ಅಕ್ಕನ ಮನೆಗೆ ಬೀರು ಮಾರಿ ಬಂದದ್ದಕ್ಕಿಂತ 1,000 ಹೆಚ್ಚು ಬರುತ್ತಿತ್ತು, ಅದೂ ಬೇಕಾದ ದಿನವೇ ಬರುತ್ತಿತ್ತು. ಸಾಲ 25,000ಕ್ಕೆ ಇಳಿದು ತಿಂಗಳ ಬಡ್ಡಿಯಲ್ಲಿ 150 ಉಳಿಯುತ್ತಿತ್ತು. ತಮ್ಮನಿಗೆ 7,600 ಉಳಿಯುತ್ತಿತ್ತು. ದಿನಕ್ಕೆ 550 ದುಡಿಯುವವನಿಗೆ ಅದು ಹೆಚ್ಚುಕಡಿಮೆ ಹದಿನಾಲ್ಕು ದಿನದ ಬೆವರು. ಆ ಹದಿನಾಲ್ಕು ದಿನದ ಬೆವರು ಹೋದದ್ದೆಲ್ಲಿಗೆ? ಅಕ್ಕನಿಗಲ್ಲ, ಅವಳ ಮಗಳಿಗಲ್ಲ. ಬಡ್ಡಿಗೆ, ಬಾಡಿಗೆಗೆ, ಹೊಸದು ಹಳೆಯದಾದ ಕೂಡಲೆ ಇಳಿದುಹೋಗುವ ಬೆಲೆಗೆ.

ಮುಯ್ಯಿ ಎಂದರೆ ಭಿಕ್ಷೆಯಲ್ಲ

"ಹಣ ಕೊಡುವುದು ಮರ್ಯಾದೆಯಲ್ಲ, ಅದು ಪಟ್ಟಣದ ಚಾಳಿ" ಎಂದು ಕೆಲವರು ಹೇಳುವುದುಂಟು. ಇದು ನಮ್ಮ ಹಿರಿಯರನ್ನು ಅರಿಯದ ಮಾತು. ನಮ್ಮ ಕಡೆ ಮುಯ್ಯಿ, ಧಾರವಾಡದ ಕಡೆ ಆಯೇರಿ ಎಂದು ಕರೆಯುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಹೊಲದಲ್ಲಿ ಇಂದು ನಿನಗೆ ನಾನು ಆಳು, ನಾಳೆ ನನಗೆ ನೀನು ಆಳು ಎಂಬ ಮುಯ್ಯಾಳಿನ ಲೆಕ್ಕವೇನುಂಟೋ ಅದೇ ಲೆಕ್ಕ ಮದುವೆಯ ಚಪ್ಪರದ ಕೆಳಗೂ ಉಂಟು. ಮದುವೆಯೆಂಬುದು ಬಡವನ ಮನೆಗೆ ಒಂದೇ ದಿನ ಬಂದು ಬೀಳುವ ಖರ್ಚು. ಆ ಒಂದು ದಿನದ ಭಾರವನ್ನು ನೂರು ಮನೆಗಳು ಹಂಚಿಕೊಂಡು, ಇಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ಹಿಂದಕ್ಕೆ ಪಡೆಯುವ ಏರ್ಪಾಡೇ ಮುಯ್ಯಿ. ಇದರಲ್ಲಿ ಬಡ್ಡಿಯಿಲ್ಲ, ಅಡವಿಲ್ಲ, ಜಾಮೀನಿಲ್ಲ. ಇರುವುದೊಂದು ಪುಸ್ತಕ.

ಆ ಪುಸ್ತಕವನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಚಪ್ಪರದ ಮೂಲೆಯಲ್ಲಿ ಅಕ್ಷರ ಬಲ್ಲವನೊಬ್ಬ ಕುಳಿತು ಬರೆದದ್ದು. ಮೊದಲು ಊರು, ಆಮೇಲೆ ಹೆಸರು, ಆಮೇಲೆ ಮೊತ್ತ. ಮದುವೆ ಮುಗಿದ ಮೇಲೆ ಆ ಪುಸ್ತಕ ಮನೆಯ ಪತ್ರಗಳ ಜೊತೆಗೆ ಪೆಟ್ಟಿಗೆ ಸೇರುತ್ತದೆ. ಯಾವ ಮನೆಯಿಂದ ಲಗ್ನಪತ್ರಿಕೆ ಬಂದರೂ ಆ ಪುಸ್ತಕ ಹೊರಗೆ ಬರುತ್ತದೆ. ಅವರು ನಮಗೆ ಏನು ಮಾಡಿದ್ದರು ಎಂದು ಬೆರಳಿಟ್ಟು ಓದುತ್ತಾರೆ. ಕವರಿನ ಮೇಲೆ ಒಂದು ರೂಪಾಯಿ ಅಂಟಿಸಿ ನೂರಕ್ಕೆ ನೂರೊಂದು, ಐನೂರಕ್ಕೆ ಐನೂರೊಂದು ಮಾಡಿ ಕೊಡುವುದೂ ಉಂಟು. ಲೆಕ್ಕ ಸೊನ್ನೆಯಲ್ಲಿ ಮುಗಿದು ಹೋಗಬಾರದು, ಬಳಕೆ ನಡೆಯುತ್ತಿರಬೇಕು ಎಂಬುದು ಹಿರಿಯರು ಅದಕ್ಕೆ ಹೇಳುವ ಅರ್ಥ. ಇಂಥ ಏರ್ಪಾಡು ಇರುವಾಗ, ಖರ್ಚಿನಲ್ಲಿ ಮುಳುಗಿದ ಮನೆಗೆ ಗೋಡೆ ಗಡಿಯಾರವನ್ನೊ ಗಾಜಿನ ಬಟ್ಟಲುಗಳನ್ನೊ ಕೊಟ್ಟರೆ ಅದು ಮುಯ್ಯಿಯ ಸಾಲಿಗೆ ಸೇರುವುದೇ ಇಲ್ಲ. ಅಡಿಗೆಯವರಿಗೆ ಗಡಿಯಾರ ಕೊಟ್ಟು ಬಾಕಿ ತೀರಿಸಲಾದೀತೆ?

ಆದರೆ ಮುಯ್ಯಿಯಲ್ಲಿ ಒಂದು ತೊಡಕುಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಹಣದ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. ಹಿತ್ತಾಳೆ ಕೊಳಗ ಮೂವತ್ತು ವರ್ಷವಾದರೂ ಕೊಳಗವೇ. ಆದರೆ 1996ರಲ್ಲಿ ಒಬ್ಬ ಬಂಧು 51 ರೂಪಾಯಿ ಮುಯ್ಯಿ ಬರೆಸಿದ್ದನೆನ್ನಿ. ಆಗ ಅವನ ದಿನಗೂಲಿ 50 ರೂಪಾಯಿ ಇದ್ದಿತು. ಅಂದರೆ ಅವನು ನಿಮಗೆ ಕೊಟ್ಟದ್ದು ಒಂದು ದಿನದ ದುಡಿಮೆಯನ್ನು. ಇಂದು ಅವನ ಮಗಳ ಮದುವೆಗೆ ನೀವು ಪುಸ್ತಕ ನೋಡಿ 51 ರೂಪಾಯಿ ಕೊಟ್ಟರೆ ಬಾಯಿಲೆಕ್ಕ ಸರಿ, ನ್ಯಾಯ ತಪ್ಪು. ಅವನ ಒಂದು ದಿನದ ದುಡಿಮೆಗೆ ನೀವು ಒಂದು ಗಂಟೆಯ ದುಡಿಮೆ ಹಿಂದಿರುಗಿಸಿದಂತಾಯಿತು.

ಹಾಗಾದರೆ ಎಷ್ಟು ಏರಿಸಬೇಕು? ಅಲ್ಲೇ ಇರುವುದು ಅಪಾಯ. ಅಳತೆಯಿಲ್ಲದ ಏರಿಕೆಯೆಂದರೆ ಪೈಪೋಟಿ. ಅವರು ಐನೂರು ಕೊಟ್ಟಿದ್ದರು, ನಾವು ಸಾವಿರ ಕೊಡೋಣ. ನಾವು ಸಾವಿರ ಕೊಟ್ಟೆವು, ಅವರು ಎರಡು ಸಾವಿರ ಕೊಡಲಿ. ತಮಿಳುನಾಡಿನ ಪುದುಕ್ಕೋಟ್ಟೈ, ತಂಜಾವೂರು ಸೀಮೆಯಲ್ಲಿ ಇದೇ ಪದ್ಧತಿ ಮೊಯ್ ವಿರುಂದು ಎಂಬ ಹೆಸರಿನಿಂದ, ಮದುವೆಯೇ ಇಲ್ಲದೆ ಹಣ ಕೂಡಿಸುವುದಕ್ಕೆಂದೇ ಊಟ ಹಾಕುವಷ್ಟು ದೂರ ಬೆಳೆದಿದೆ. ಅಲ್ಲಿ ದೊಡ್ಡ ಬಂಡವಲವೆತ್ತಿ ಅಂಗಡಿ ಇಟ್ಟವರೂ ಇದ್ದಾರೆ, ತಾವು ತಿರುಗಿ ಕೊಡಬೇಕಾದ ದಿನ ಸಾಲಕ್ಕೆ ಓಡುವವರೂ ಇದ್ದಾರೆ.

ಇದಕ್ಕೆ ನಾವು ಹೇಳುವ ಅಳತೆ ಸರಳವಾದದ್ದು. ಮುಯ್ಯಿಯನ್ನು ರೂಪಾಯಿಯಲ್ಲಿ ಅಳೆಯಬೇಡಿ, ದಿನಗೂಲಿಯಲ್ಲಿ ಅಳೆಯಿರಿ. ಬಳಕೆಯ ನಂಟರಿಗೆ ಒಂದು ದಿನದ ಕೂಲಿ. ಹತ್ತಿರದವರಿಗೆ ಮೂರು ದಿನದ ಕೂಲಿ. ಒಡಹುಟ್ಟಿದವರ ಮಕ್ಕಳಿಗೆ ಒಂದು ವಾರದ ಕೂಲಿ; ಅದಕ್ಕೆ ಮೀರಿ ಬೇಡ. ಕಿರಾಣಿ ಅಂಗಡಿಯವರೂ ತರಕಾರಿ ಬಂಡಿಯವರೂ ಗಲ್ಲಾ ಪೆಟ್ಟಿಗೆಗೆ ಬಿದ್ದ ಹಣವನ್ನು ಕೂಲಿಯೆಂದು ತಿಳಿಯಬಾರದು. ಮಾಲಿನ ಅಸಲು, ಬಾಡಿಗೆ, ಕರೆಂಟು ಕಳೆದು ಒಂದು ದಿನಕ್ಕೆ ಏನುಳಿಯುತ್ತದೋ ಅದೇ ಅವರ ದಿನಗೂಲಿ. ಬೆಲೆಯ ಜೊತೆಗೆ ಕೂಲಿ ಏರಿದರೆ ಮುಯ್ಯಿ ತಾನಾಗಿ ಏರುತ್ತದೆ. ಕೂಲಿ ನಿಂತರೆ ಮುಯ್ಯಿಯೂ ನಿಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಹಾಸಿಗೆಯ ಅಳತೆ ಹೇಳಿರಲಿಲ್ಲ. ಇದೇ ಆ ಅಳತೆ. ನಮ್ಮ ಮಿತ್ರರ ಲೆಕ್ಕವನ್ನೇ ನೋಡಿ. ವಾರದಲ್ಲಿ ಆರು ದಿನ, 550ರಂತೆ 3,300. ಅವರು ಕೈಯಲ್ಲಿದ್ದ 5,000ವನ್ನು ಕೊಟ್ಟಿದ್ದರೂ ಅಳತೆಗಿಂತ ಹೆಚ್ಚೇ ಕೊಟ್ಟಂತಾಗುತ್ತಿತ್ತು. ಯಾರ ಮುಂದೆ ತಲೆ ತಗ್ಗಿಸಬೇಕಾಗಿತ್ತು?

ಹೆಂಗಸರ ಆಕ್ಷೇಪಕ್ಕೆ ಉತ್ತರ

ಇಷ್ಟು ಹೇಳಿದ ಮೇಲೆ, ಸಾಮಾನಿನ ಪಕ್ಷದವರ ಒಂದು ಮಾತಿಗೆ ನಾವು ತಲೆಬಾಗಲೇಬೇಕು. ಆ ಮಾತನ್ನು ಹೇಳುವವರು ಹೆಂಗಸರು. ಗಂಡಸರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. "ನೀವು ಕೊಟ್ಟ ಹಣ ಹುಡುಗಿಯ ಕೈಗೆ ಬರುತ್ತದೆಯೆ? ಅಪ್ಪನ ಜೇಬಿಗೆ ಹೋಗಿ ಅಲ್ಲಿಂದ ಛತ್ರದವನಿಗೆ ಹೋಗುತ್ತದೆ. ಇಲ್ಲವೆ ಗಂಡನ ಜೇಬಿಗೆ ಹೋಗುತ್ತದೆ. ನಾವು ಹೆಸರು ಕೊರೆಸಿ ಕೊಟ್ಟ ಒಂದು ಪಾತ್ರೆಯಾದರೂ ಅವಳ ಜೊತೆಗೆ ಹೋಗುತ್ತದೆ." ಇದು ಸತ್ಯ. ಪಾತ್ರೆ ಅಂಗಡಿಯಲ್ಲಿ ಸಣ್ಣ ಯಂತ್ರದ ಮೊನೆಯಿಂದ ಸ್ಟೀಲ್ ತಟ್ಟೆಯ ಅಂಚಿನಲ್ಲಿ ಕೊರೆದ ಹೆಸರು, ಇದು ಯಾರು ಯಾರಿಗೆ ಕೊಟ್ಟದ್ದು ಎಂದು ಸಾಕ್ಷಿ ನುಡಿಯುತ್ತದೆ. ನೋಟಿನ ಮೇಲೆ ಅಂಥ ಸಾಕ್ಷಿ ಇಲ್ಲ. ಕೊಟ್ಟವ ಕೋಡಂಗಿ, ಇಸಿದುಕೊಂಡವ ಈರಭದ್ರ ಎಂಬ ಗಾದೆ ಇಂಥ ಕಡೆಯೇ ಹುಟ್ಟಿರಬೇಕು.

ಇದಕ್ಕೆ ಮದ್ದು ಪಾತ್ರೆಯಲ್ಲ, ಬರವಣಿಗೆ. ಕಾನೂನೇ ಇದಕ್ಕೆ ದಾರಿ ಮಾಡಿಕೊಟ್ಟಿದೆ, ನಾವು ಬಳಸುತ್ತಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ, ಯಾರೂ ಕೇಳದೆ ತಾವಾಗಿ ಕೊಟ್ಟ ಮದುವೆಯ ಉಡುಗೊರೆಗೆ ವಿನಾಯಿತಿ ಉಂಟು. ಆದರೆ ಅದನ್ನು ಪಟ್ಟಿಯಲ್ಲಿ ಬರೆದಿರಬೇಕು. ಪಟ್ಟಿ ಹೇಗಿರಬೇಕೆಂದು 1985ರ ನಿಯಮಗಳು ಹೇಳುತ್ತವೆ. ಹುಡುಗಿಗೆ ಬಂದದ್ದರ ಪಟ್ಟಿಯನ್ನು ಹುಡುಗಿ ಇಟ್ಟುಕೊಳ್ಳಬೇಕು, ಹುಡುಗನಿಗೆ ಬಂದದ್ದರ ಪಟ್ಟಿಯನ್ನು ಹುಡುಗ. ಮದುವೆಯ ಹೊತ್ತಿಗೆ ಇಲ್ಲವೆ ಆದಷ್ಟು ಬೇಗ ಬರೆಯಬೇಕು. ಉಡುಗೊರೆ ಏನು, ಅದರ ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನಂಟರಾಗಿದ್ದರೆ ಏನು ನಂಟು, ಇಷ್ಟು ಇರಬೇಕು. ಕೆಳಗೆ ಇಬ್ಬರೂ ಸಹಿ ಹಾಕಬೇಕು. ನಮ್ಮ ಮುಯ್ಯಿ ಪುಸ್ತಕಕ್ಕೆ ಇನ್ನೆರಡು ಗೆರೆ ಎಳೆದರೆ ಈ ಪಟ್ಟಿಯಾಯಿತು!

ಆದ್ದರಿಂದ ನಾವು ಹೇಳುವುದು ಇದು. ಕವರು ಒಂದಲ್ಲ, ಎರಡು ಮಾಡಿ. ಒಂದು ಮನೆಗೆ: ಅದು ಮುಯ್ಯಿ. ಮದುವೆಯ ಖರ್ಚಿಗೆ ನೀವು ಹಾಕುವ ಹೆಗಲು ಅದು, ಆ ಮನೆಯವರು ಮುಂದೆ ನಿಮಗೆ ಹಿಂದಿರುಗಿಸತಕ್ಕದ್ದು. ಅದನ್ನು ಮುಯ್ಯಿ ಪುಸ್ತಕದಲ್ಲಿ ಬರೆಸಿ. ಇನ್ನೊಂದು ಹುಡುಗಿಗೆ: ಅದು ಉಡುಗೊರೆ, ಹಿಂದಿರುಗಿಸುವ ಮಾತಿಲ್ಲ. ಕವರಿನ ಮೇಲೆ ಅವಳ ಹೆಸರನ್ನೇ ಬರೆಯಿರಿ, ಅವಳ ಪಟ್ಟಿಯಲ್ಲಿ ಬರೆಸಿ. ಆದರೆ ನೇರವಾಗಿ ಅವಳ ಹೆಸರಿನ ಬ್ಯಾಂಕು ಖಾತೆಗೋ ಅಂಚೆಯ ಉಳಿತಾಯ ಖಾತೆಗೋ ಕಟ್ಟಿ, ರಸೀದಿಯನ್ನು ಕವರಿನಲ್ಲಿಡಿ. ಹೀಗೆ ಹೆಣ್ಣಿಗೆಂದು ಕೊಟ್ಟದ್ದು ಹೆಣ್ಣಿನದೇ, ಗಂಡನೂ ಅತ್ತೆ ಮಾವಂದಿರೂ ಅದನ್ನು ಇಟ್ಟುಕೊಂಡಿದ್ದರೆ ಕೇವಲ ಕಾಪಾಡತಕ್ಕವರು, ಒಡೆಯರಲ್ಲ, ಎಂದು ಸುಪ್ರೀಂ ಕೋರ್ಟು 1985ರಲ್ಲೇ ತೀರ್ಪು ಕೊಟ್ಟಿದೆ. ತೀರ್ಪು ಕೈ ಹಿಡಿಯಬೇಕಾದರೆ ಕೈಯಲ್ಲಿ ಕಾಗದವಿರಬೇಕು.

ವಾರದ ಕೂಲಿ 3,300ರಲ್ಲಿ ಎರಡು ಸಾವಿರ ಮನೆಗೆ, ಉಳಿದದ್ದು ಹುಡುಗಿಗೆ ಎಂದು ಮಾಡಿದರೂ ಸರಿ. ಮನೆಯ ಸಾಲ ಹೆಚ್ಚಿದ್ದರೆ ಲೆಕ್ಕ ಬದಲಾಯಿಸಿದರೂ ಸರಿ. ಯಾರಿಗೆಷ್ಟು ಎಂಬುದು ಕೊಡುವವನ ಇಷ್ಟ. ಯಾರಿಗೆ ಎಂಬುದನ್ನು ಹೇಳದೆ ಕೊಡುವುದು ಮಾತ್ರ ತಪ್ಪು.

ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ. "ಉಪಯೋಗದ ಸಾಮಾನು" ಎಂಬ ಒಳ್ಳೆಯ ಮಾತಿನ ಮುಸುಕಿನಲ್ಲಿ ಗಂಡಿನ ಕಡೆಯವರು ಬೈಕು, ಫ್ರಿಜ್ಜು, ದೊಡ್ಡ ಟಿ.ವಿ. ಎಂದು ಚೀಟಿ ಕಳುಹಿಸುವುದುಂಟು. ಆ ಚೀಟಿಯನ್ನು ಹೆಣ್ಣಿನ ತಂದೆ ಸೋದರಮಾವನಿಗೆ ಒಂದು, ಚಿಕ್ಕಪ್ಪನಿಗೆ ಒಂದು ಎಂದು ಹಂಚುತ್ತಾನೆ. ಮಿತ್ರರೆ, ಕೇಳಿ ಪಡೆದದ್ದು ಉಡುಗೊರೆಯಲ್ಲ, ಮದುವೆಗಾಗಿ ವಸೂಲು ಮಾಡಿದ ವರದಕ್ಷಿಣೆ. ಪಟ್ಟಿಯಲ್ಲಿ ಬರೆದರೂ ಅದು ಶುದ್ಧವಾಗುವುದಿಲ್ಲ. ಅದೇ ಕಾಯಿದೆಯಲ್ಲಿ ವರದಕ್ಷಿಣೆ ತೆಗೆದುಕೊಂಡವನಿಗೂ ಕೊಟ್ಟವನಿಗೂ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ಹೇಳಿದೆ. ಕಂತಿನ ಮೇಲೆ ಫ್ರಿಜ್ಜು ತಂದುಕೊಡುವ ಸೋದರಮಾವ, ಕಂತಿನ ಜೊತೆಗೆ ಈ ಅಪರಾಧವನ್ನೂ ತಲೆಗೆ ಕಟ್ಟಿಕೊಳ್ಳುತ್ತಾನೆ.

ಬೆಲೆ ಮುಚ್ಚುವ ಬಣ್ಣದ ಕಾಗದ

ಸಾಮಾನಿನ ಪಕ್ಷಕ್ಕೆ ಇನ್ನೊಂದು ಕಾರಣವುಂಟು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾಮಾನಿಗೆ ಬಣ್ಣದ ಕಾಗದ ಸುತ್ತಿದರೆ ಬೆಲೆ ಕಾಣುವುದಿಲ್ಲ. ಇನ್ನೂರು ರೂಪಾಯಿಯ ಗಾಜಿನ ಲೋಟಗಳು ದೊಡ್ಡ ಪೆಟ್ಟಿಗೆಯಲ್ಲಿ ಐನೂರರಂತೆ ಕಾಣುತ್ತವೆ. ಇನ್ನೂರು ರೂಪಾಯಿಯ ಮುಯ್ಯಿ ಇನ್ನೂರೇ. ಕೆಲವು ಮದುವೆಗಳಲ್ಲಿ ಮೈಕು ಹಿಡಿದು "ಇಂಥ ಊರಿನ ಇಂಥವರಿಂದ ಇಷ್ಟು" ಎಂದು ಕೂಗುವುದೂ ಉಂಟು. ಐದು ಸಾವಿರ ಕೊಟ್ಟವನ ಹೆಸರು ಕೂಗಿದ ಮೇಲೆ ಇನ್ನೂರು ಕೊಟ್ಟವನ ಹೆಸರು ಕೂಗಿದರೆ, ಅವನು ಮುಂದಿನ ಮದುವೆಗೆ ಪೆಟ್ಟಿಗೆ ಹುಡುಕಿಕೊಂಡು ಹೋಗದೆ ಏನು ಮಾಡಿಯಾನು? ಬಡವನನ್ನು ಗಾಜಿನ ಅಂಗಡಿಗೂ ಕಂತಿನ ಅಂಗಡಿಗೂ ತಳ್ಳುವುದು ಅವನ ಶೋಕಿಯಲ್ಲ, ಈ ಮೈಕು.

ಆದ್ದರಿಂದ ಮೈಕು ನಿಲ್ಲಬೇಕು. ಮುಯ್ಯಿ ಮುಚ್ಚಿದ ಕವರಿನಲ್ಲಿ ಬರಲಿ. ಮೇಲೆ ಊರು ಹೆಸರು ಮಾತ್ರ ಇರಲಿ. ಚಪ್ಪರದಲ್ಲಿ ಹೆಸರು ಬರೆದುಕೊಂಡರೆ ಸಾಕು. ಮೊತ್ತವನ್ನು ಸಂಜೆ ಮನೆಯೊಳಗೆ, ಎರಡು ಮೂರು ಜನ ಹಿರಿಯರು ಕವರು ಬಿಚ್ಚಿ ಎಣಿಸಿ ಅದೇ ಹೆಸರಿನ ಮುಂದೆ ಬರೆಯಲಿ. ಆ ಮೂವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಲೆಕ್ಕಕ್ಕೆ ಲೆಕ್ಕ ಉಳಿಯಿತು, ಮಾನಕ್ಕೆ ಮಾನ ಉಳಿಯಿತು.

ಪಾತ್ರೆ ಅಂಗಡಿಯ ಮಿತ್ರರಿಗೆ

ನಮ್ಮ ಪತ್ರಿಕೆಯನ್ನು ಓದುವ ಪಾತ್ರೆ ಅಂಗಡಿಯವರು, ಸಣ್ಣ ಸಾಮಾನಿನ ವ್ಯಾಪಾರಿಗಳು ಇಷ್ಟರಲ್ಲಿ ನಮ್ಮ ಮೇಲೆ ಮುನಿದಿರಬಹುದು. ಅವರ ಹೊಟ್ಟೆಯ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ಅವರಿಗೂ ಒಂದು ಮಾತು ಗೊತ್ತು. ಮದುವೆಯಾದ ತಿಂಗಳಲ್ಲಿ ಒಂದೇ ಅಳತೆಯ ಮೂರು ಕುಕ್ಕರು, ನಾಲ್ಕು ಡಬ್ಬಿಸೆಟ್ಟು ಹೊತ್ತುಕೊಂಡು ಬದಲಾಯಿಸಿ ಕೊಡಿ ಎಂದು ಬರುವ ಗಿರಾಕಿ ಯಾರಿಗೂ ಲಾಭವಲ್ಲ. ಹೆಸರು ಕೊರೆದ ಪಾತ್ರೆಯನ್ನು ಹೊಸದೆಂದು ತಿರುಗಿ ಮಾರುವಂತಿಲ್ಲ. ಹಳೆಯ ಸ್ಟೀಲಿನ ತೂಕಕ್ಕೆ ತೆಗೆದುಕೊಳ್ಳಬೇಕು. ಹೊಸ ಪಾತ್ರೆಯ ತೂಕದ ಬೆಲೆಗೂ ಹಳೆಯದರ ತೂಕದ ಬೆಲೆಗೂ ಇರುವ ಅಂತರದಲ್ಲಿ ಕೊಟ್ಟವನ ಬೆವರು ಮಣ್ಣು ಪಾಲಾಗುತ್ತದೆ.

ಅವರಿಗೆ ನಾವು ಹೇಳುವ ದಾರಿ ಅಂಗಡಿ ಚೀಟಿ. ನಂಟನು ಬಂದು ನಿಮ್ಮಲ್ಲಿ ಸಾವಿರ ರೂಪಾಯಿ ಕಟ್ಟಲಿ. ನೀವು ಹುಡುಗಿಯ ಹೆಸರಿಗೆ, ಒಂದು ವರ್ಷದ ಗಡುವಿಗೆ, ಅಂಗಡಿಯ ಮುದ್ರೆ ಹಾಕಿದ ಚೀಟಿ ಬರೆದುಕೊಡಿ. ಮನೆ ಹೂಡಿದ ಮೇಲೆ ತನಗೆ ಬೇಕಾದ ಪಾತ್ರೆ ಯಾವುದೆಂದು ಹುಡುಗಿಗೆ ತಿಳಿಯುತ್ತದೆ, ಬಂದು ಆರಿಸಿಕೊಳ್ಳುತ್ತಾಳೆ. ಹೆಸರು ಬೇಕಿದ್ದರೆ ಆಗ ಕೊರೆಯಿರಿ. ಹಣ ನಿಮ್ಮ ಕೈಗೆ ಮೊದಲೇ ಬಂತು, ಸರಕು ಆಮೇಲೆ ಹೋಯಿತು. ಕೊಟ್ಟವನ ಹೆಸರೂ ಉಳಿಯಿತು. ಆದರೆ ಚೀಟಿಯ ಮೇಲೆ "ಹಳೆಯ ಸರಕಿನಲ್ಲಿ ಮಾತ್ರ ಆರಿಸಿಕೊಳ್ಳತಕ್ಕದ್ದು" ಎಂಬ ಆಟ ಹೂಡಿದಿರೋ, ನಮ್ಮ ಮುಂದಿನ ಲೇಖನ ನಿಮ್ಮ ಮೇಲೆ!

ಸಾಮಾನನ್ನೇ ಕೊಡಬೇಕಾದ ಸಂದರ್ಭವೂ ಇಲ್ಲದಿಲ್ಲ. ಹುಡುಗಿ ಬೇರೆ ಮನೆ ಹೂಡುವುದು ನಿಶ್ಚಯವಾಗಿ, ಒಲೆಯಿಂದ ಮೊದಲ್ಗೊಂಡು ಎಲ್ಲವೂ ಬೇಕಾಗಿದ್ದರೆ, ಅವಳನ್ನೇ ಕರೆದು ಕೇಳಿ. ಅಪ್ಪನನ್ನಲ್ಲ, ಅವಳನ್ನು. "ನಿನಗೆ ಏನು ಬೇಕು ಮಗಳೆ, ಯಾರಾದರೂ ಅದನ್ನು ಕೊಡುತ್ತೇವೆಂದಿದ್ದಾರೆಯೆ?" ಎಂಬ ಒಂದು ಪ್ರಶ್ನೆಗೆ ಕಾಸು ಖರ್ಚಾಗುವುದಿಲ್ಲ. ಹೊಲಿಗೆ ಬಲ್ಲ ಹುಡುಗಿ ಹೊಲಿಗೆಯಂತ್ರ ಕೇಳಿದರೆ ನಾಲ್ಕು ಮನೆಗಳು ಕೂಡಿ ಕೊಡಿ. ಅದು ಸಾಮಾನಲ್ಲ, ಅನ್ನ. ಬಿಲ್ಲನ್ನು ಅವಳ ಹೆಸರಿನಲ್ಲೇ ಮಾಡಿಸಿ. ಕೆಟ್ಟರೆ ಗ್ಯಾರಂಟಿ ಕೇಳಲು ಆ ಬಿಲ್ಲು ಬೇಕು. ವಸ್ತು ಯಾರದೆಂಬ ಮಾತು ಬಂದ ದಿನವೂ ಆ ಬಿಲ್ಲೇ ಬೇಕು. ಆದರೆ ಕೈಯಲ್ಲಿದ್ದ ಹಣಕ್ಕೆ ಸಿಕ್ಕುವುದನ್ನಷ್ಟೆ ತನ್ನಿ. ಉಡುಗೊರೆ ಕೊಟ್ಟ ಮೇಲೂ ಕಂತು ಉಳಿದರೆ, ನೀವು ಉಡುಗೊರೆ ಕೊಟ್ಟದ್ದು ನಂಟರಿಗಲ್ಲ, ಬಡ್ಡಿಯವನಿಗೆ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಎರಡರಲ್ಲೂ ಮನುಷ್ಯ ಒಂಟಿಯಾಗಿ ನಿಂತರೆ ಮುರಿಯುತ್ತಾನೆಂಬುದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಒಂದು ಪುಸ್ತಕ ಬರೆದಿಟ್ಟರು. ನಾವು ಅದನ್ನು ಮೈಕಿಗೆ ಕೊಟ್ಟು ಕೆಡಿಸಿದೆವು. ಅದಕ್ಕೆ ನಾಚಿ ಬೀರುವಿನ ಹಿಂದೆ ಅಡಗಿದೆವು. ಈ ಲಗ್ನದ ಕಾಲದಲ್ಲಿ ನಮ್ಮ ಓದುಗರು ತಮ್ಮ ಮನೆಯ ಪೆಟ್ಟಿಗೆಯಿಂದ ಆ ಹಳೆಯ ಪುಸ್ತಕವನ್ನು ತೆಗೆಯಲಿ. ಅದರಲ್ಲಿರುವ ಒಂದೊಂದು ಹೆಸರಿನ ಮುಂದೆ, ಆ ದಿನ ಅವನು ನಮಗಾಗಿ ಎಷ್ಟು ದಿನ ದುಡಿದಿದ್ದ ಎಂದು ಲೆಕ್ಕ ಹಾಕಲಿ. ಅಷ್ಟನ್ನು, ಅಷ್ಟನ್ನೇ, ಮುಚ್ಚಿದ ಕವರಿನಲ್ಲಿಟ್ಟು ಹಿಂದಿರುಗಿಸಲಿ.

ಆ ಅಕ್ಕ ತಮ್ಮಂದಿರ ಸಂಗತಿ? ಬರುವ ವರ್ಷ ತಮ್ಮನ ಮನೆಯಲ್ಲೂ ಮದುವೆಯುಂಟು. ಅಕ್ಕ ಬಂದೇ ಬರುತ್ತಾಳೆಂದು ನಮ್ಮ ಮಿತ್ರರು ಹೇಳುತ್ತಿದ್ದರು. ಅವಳು ಕವರು ತರಲಿ, ಬರಿಗೈಯಲ್ಲಿ ಬರಲಿ. ಸಾಲ ಮಾಡಿ ಬೀರು ಮಾತ್ರ ತರದಿರಲಿ.